ಫೋಟೊ ಬಂತೆಂದು ಸುಮ್ಮನಾಗುವವರಿಗೆ

ಮೈಂದರ್ಗಿಯಿಂದ ಅಕ್ಕಲಕೋಟೆಯ ಮೇಲೆ ಸೋಲಾಪುರಕ್ಕೆ ದುಡಿಯಲು ಹೋಗುವವರನ್ನು ಪಿಎಫ್ ಬಗ್ಗೆ ಕೇಳಿ ನೋಡಿ. ಮೊಬೈಲ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. ಮುನೀಮನೋ ಮುಕಾದಮನೋ ಕಳಿಸಿದ ಪಾಸ್‌ಬುಕ್ಕಿನ ಫೋಟೊ. "ಬರ್ತದ್ರಿ, ರೊಕ್ಕ ತುಂಬ್ಯಾರ" ಅನ್ನುತ್ತಾರೆ. ಎಷ್ಟು ತುಂಬಿದ್ದಾರೆ, ಯಾವ ತಿಂಗಳದು, ಯಾವ ಕಾಲಮಿನಲ್ಲಿ ಎಂದು ಮುಂದೆ ಕೇಳಿದರೆ ಮಾತು ನಿಲ್ಲುತ್ತದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಹತ್ತು ರೂಪಾಯಿ ಹೆಚ್ಚು ಬರೆದರೆ ಜಗಳಕ್ಕೆ ನಿಲ್ಲುವ ಅದೇ ಮನುಷ್ಯ, ತನ್ನ ಪಗಾರದಿಂದ ತಿಂಗಳಿಗೆ ಸಾವಿರಕ್ಕೂ ಹೆಚ್ಚು ರೂಪಾಯಿ ಕಡಿತವಾದದ್ದನ್ನು ಕಣ್ಣೆತ್ತಿಯೂ ನೋಡಿರುವುದಿಲ್ಲ. ಇದನ್ನು ಭೋಳೆತನ ಎಂದು ಬಿಡಲು ನಾನು ತಯಾರಿಲ್ಲ. ಇದು ಸೋಮಾರಿತನ, ಮತ್ತು ಇದರ ದಂಡ ಕಟ್ಟುವವರು ಮನೆಯ ಹೆಂಡಿರು ಮಕ್ಕಳು.

ಲೆಕ್ಕ ಅಷ್ಟು ಕಷ್ಟದ್ದೂ ಅಲ್ಲ. ಟವೆಲ್ ಕಾರಖಾನೆಯ ಒಬ್ಬ ಕಾರ್ಮಿಕನಿಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಶೇ. 12, ಅಂದರೆ 1,440 ರೂಪಾಯಿ ಅವನ ಪಗಾರದಿಂದ ಹೋಗುತ್ತದೆ. ಮಾಲಕನೂ ಅಷ್ಟೇ ಹಾಕಬೇಕು. ಆದರೆ ಪಾಸ್‌ಬುಕ್ಕಿನಲ್ಲಿ Employee Share ಕೆಳಗೆ 1,440 ಇದ್ದರೆ, Employer Share ಕೆಳಗೆ ಕಾಣುವುದು 440 ಮಾತ್ರ. ಉಳಿದ 1,000 ಪಕ್ಕದ Pension Contribution ಕಾಲಮಿನಲ್ಲಿರುತ್ತದೆ, ಯಾಕೆಂದರೆ ಮಾಲಕನ ಪಾಲಿನಲ್ಲಿ ಶೇ. 8.33 ಪಿಂಚಣಿ ನಿಧಿಗೆ ಹೋಗುತ್ತದೆ. ಇದು ಗೊತ್ತಿಲ್ಲದೆ ಕೆಲವರು "ಶೇಠ ಸಾವಿರ ರೂಪಾಯಿ ನುಂಗ್ಯಾನ" ಎಂದು ಊರೆಲ್ಲ ಹೇಳಿಕೊಂಡು ಬರುತ್ತಾರೆ. ನೋಡದೆ ನಂಬುವುದು ಎಷ್ಟು ತಪ್ಪೋ, ತಿಳಿಯದೆ ಆರೋಪ ಹೊರಿಸುವುದೂ ಅಷ್ಟೇ ತಪ್ಪು. ನಾಳೆ ನಿಜವಾಗಿ ಮೋಸವಾದಾಗ ಇಂಥವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೀಡಿ ಕಟ್ಟುವ ತಾಯಂದಿರು ಇನ್ನೊಂದು ಮಾತು ನೆನಪಿಡಬೇಕು: ಬೀಡಿ ಉದ್ಯಮಕ್ಕೆ ದರ ಶೇ. 12 ಅಲ್ಲ, 10. ಸೋಲಾಪುರದ ಮಗ್ಗದವರ ಲೆಕ್ಕವನ್ನು ತಂದು ನಿಮ್ಮ ಫೋಟೊಕ್ಕೆ ಹಚ್ಚಬೇಡಿ.

ಈಗ ಅದೇ ಕಾರ್ಮಿಕನ ಫೋಟೊ ಓದೋಣ. ಏಪ್ರಿಲ್, ಮೇ, ಜೂನ್ ಮೂರೂ ಸಾಲಿನಲ್ಲಿ 1,440, 440, 1,000. ಸರಿ ಇದೆ. ಜುಲೈ ಸಾಲೇ ಇಲ್ಲ. ಆಗಸ್ಟಿನಲ್ಲಿ 960, 294, 666. ಕೆಳಗೆ ಒಟ್ಟು ಮೊತ್ತ ಮಾತ್ರ ಹಿಂದಿನದಕ್ಕಿಂತ ದೊಡ್ಡದಾಗಿದೆ. ಒಟ್ಟು ನೋಡುವವನಿಗೆ ಎಲ್ಲ ಚೆನ್ನಾಗಿದೆ. ಸಾಲು ಓದುವವನಿಗೆ ಮಾತ್ರ ಎರಡು ವ್ಯತ್ಯಾಸಗಳು ಕಾಣುತ್ತವೆ. ಜುಲೈ ತಿಂಗಳ ಹಣ ಜಮೆಯೇ ಆಗಿಲ್ಲ. ಆಗಸ್ಟಿನ 960 ಅಂದರೆ 8,000ದ ಶೇ. 12, ಮಾಲಕ ಪಿಎಫ್ ಕಚೇರಿಗೆ ಪಗಾರವನ್ನೇ 8,000 ಎಂದು ತೋರಿಸಿದ್ದಾನೆ. ಇಲ್ಲಿ ಪಗಾರ ಚೀಟಿ ಕೈಯಲ್ಲಿರಬೇಕು. ಆ ತಿಂಗಳು ಹತ್ತು ದಿನ ಖಾಡೆ ಮಾಡಿ, ಚೀಟಿಯಲ್ಲೂ 960 ಮಾತ್ರ ಕಡಿತವಾಗಿದ್ದರೆ ತಪ್ಪೇನೂ ಇಲ್ಲ. ಚೀಟಿಯಲ್ಲಿ 1,440 ಕಡಿದು ಪಾಸ್‌ಬುಕ್ಕಿಗೆ 960 ಹಾಕಿದ್ದರೆ, ಉಳಿದ 480 ರೂಪಾಯಿ ನಿಮ್ಮದೇ ದುಡ್ಡು, ಯಾರದೋ ಕಿಸೆಯಲ್ಲಿದೆ. ಕಾರ್ಮಿಕನ ಪಗಾರದಿಂದ ಪಿಎಫ್ ಕಡಿದು ಕಟ್ಟದಿರುವುದನ್ನು ಕಾನೂನು ನಂಬಿಕೆದ್ರೋಹ ಎಂದೇ ಎಣಿಸುತ್ತದೆ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ವಿವರಣೆಯಲ್ಲೇ ಅದು ಇದೆ. ಕಾನೂನು ಇಷ್ಟು ಗಟ್ಟಿಯಾಗಿದ್ದರೂ ಪಗಾರ ಚೀಟಿಯನ್ನು ಶೇಂಗಾ ಕಟ್ಟಲು ಕೊಟ್ಟುಬಿಟ್ಟವನಿಗೆ ಅದು ಏನು ಮಾಡೀತು?

ಬಡ್ಡಿಯ ವಿಷಯದಲ್ಲಂತೂ ಎರಡು ಬಗೆಯ ಜನ ಇದ್ದಾರೆ. ಒಬ್ಬರು ಪ್ರತಿ ತಿಂಗಳು ಬಡ್ಡಿಯ ಸಾಲು ಹುಡುಕಿ, ಕಾಣದೆ ಗಾಬರಿಯಾಗುತ್ತಾರೆ. ಇನ್ನೊಬ್ಬರು ಅದನ್ನು ಎಂದೂ ಹುಡುಕಿದವರೇ ಅಲ್ಲ. ಪಿಎಫ್ ಬಡ್ಡಿಯನ್ನು ಲೆಕ್ಕ ಹಾಕುವುದು ತಿಂಗಳ ಬಾಕಿಯ ಮೇಲೆ, ಜಮೆ ಮಾಡುವುದು ವರ್ಷಕ್ಕೊಮ್ಮೆ. ಸರಕಾರ ದರ ಪ್ರಕಟಿಸಿದ ಮೇಲೆ, ಮಾರ್ಚ್ ಮುಗಿದು ಕೆಲವು ತಿಂಗಳಿಗೆ, ಪಾಸ್‌ಬುಕ್ಕಿನಲ್ಲಿ `Int. Updated upto 31/03/2025` ಎಂಬಂಥ ಸಾಲು ಬರುತ್ತದೆ. 2024-25ಕ್ಕೆ ದರ ಶೇ. 8.25. ನಮ್ಮ ಕಾರ್ಮಿಕನ ಖಾತೆಯಲ್ಲಿ 2024ರ ಏಪ್ರಿಲ್ ಒಂದರಂದು ಎರಡೂ ಪಾಲು ಸೇರಿ 60,000 ಇತ್ತೆಂದರೆ ಅದಕ್ಕೆ 4,950 ಬಡ್ಡಿ. ಜೊತೆಗೆ ತಿಂಗಳಿಗೆ 1,880ರಂತೆ (1,440 ಮತ್ತು 440) ಹನ್ನೆರಡು ಕಂತು ತಪ್ಪದೆ ಬಿದ್ದಿದ್ದರೆ ಅವುಗಳ ಮೇಲೆ ಸುಮಾರು 853. ಒಟ್ಟು ಸುಮಾರು 5,800. ನಾಲ್ಕೈದು ರೂಪಾಯಿ ಆಚೆ ಈಚೆ ಆದರೆ ಬಿಡಿ. ಐದಾರು ನೂರು ಕಡಿಮೆ ಇದ್ದರೆ ಹಲವು ಕಂತು ತಪ್ಪಿವೆ ಅಥವಾ ತಡವಾಗಿ ಬಂದಿವೆ. ಪಿಂಚಣಿ ಕಾಲಮಿನ ಹಣಕ್ಕೆ ಮಾತ್ರ ಬಡ್ಡಿ ಇಲ್ಲ. ಅದನ್ನು ಈ ಲೆಕ್ಕದಲ್ಲಿ ಕೂಡಿಸಬೇಡಿ.

ಹಾಗಾದರೆ ತಿಂಗಳಿಗೊಮ್ಮೆ ನೋಡುವುದೇಕೆ, ವರ್ಷಕ್ಕೊಮ್ಮೆ ಸಾಲದೆ ಎಂದು ಕೇಳುತ್ತೀರಿ. ಮಾಲಕ ಒಂದು ತಿಂಗಳ ಹಣವನ್ನು ಮರು ತಿಂಗಳ 15ರೊಳಗೆ ಕಟ್ಟಬೇಕು. ಜುಲೈ ಪಗಾರದ್ದು ಆಗಸ್ಟ್ 15ಕ್ಕೆ. ಅದು ಬಂದಿಲ್ಲವೆಂದು ಆಗಸ್ಟ್ 25ಕ್ಕೆ ಗೊತ್ತಾದರೆ ಮುನೀಮ ಎದುರಿಗಿದ್ದಾನೆ, ಹಾಜರಿ ಪುಸ್ತಕ ಇದೆ, ಚೀಟಿ ಇದೆ. ಆರು ವರ್ಷದ ಮೇಲೆ, ಮಗಳ ಮದುವೆಗೆ ಹಣ ತೆಗೆಯಲು ಹೋದಾಗ ಗೊತ್ತಾದರೆ ಗುತ್ತಿಗೆದಾರ ಬದಲಾಗಿದ್ದಾನೆ, ಕಾರಖಾನೆಯ ಬಾಗಿಲೇ ಮುಚ್ಚಿರಬಹುದು.

ಇನ್ನು ಆ ಫೋಟೊದ ಮಾತು. ಬೇರೆಯವರು ಕಳಿಸಿದ ಫೋಟೊ ಪುರಾವೆಯಲ್ಲ. ಮೇಲಿನ ಭಾಗ ಕತ್ತರಿಸಿದ ಫೋಟೊದಲ್ಲಿ ಯುಎಎನ್ ಇಲ್ಲ, ಸದಸ್ಯ ಸಂಖ್ಯೆ ಇಲ್ಲ, ವರ್ಷವೂ ಇಲ್ಲ; ಹೋದ ವರ್ಷದ ಹಾಳೆಯನ್ನೇ ಮತ್ತೆ ಕಳಿಸಿದರೂ ನಿಮಗೆ ತಿಳಿಯದು. ಗುತ್ತಿಗೆದಾರ ಬದಲಾದರೆ ಅದೇ ಯುಎಎನ್ ಕೆಳಗೆ ಹೊಸ ಸದಸ್ಯ ಸಂಖ್ಯೆ ಬರುತ್ತದೆ, ಹಳೆಯದರ ಫೋಟೊ ನೋಡಿ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಕೆಟ್ಟ ರೂಢಿ, ಯುಎಎನ್‌ಗೆ ಮುಕಾದಮನ ಮೊಬೈಲ್ ನಂಬರ್ ಜೋಡಿಸಿ ಸುಮ್ಮನಿರುವುದು. ಜಮೆಯ ಸಂದೇಶ ಅವನಿಗೆ ಹೋಗುತ್ತದೆ, ಒಟಿಪಿಯೂ ಅವನಿಗೇ. ಮೊದಲು ಅದನ್ನು ಬದಲಿಸಿ ನಿಮ್ಮ ನಂಬರ್ ಹಾಕಿಸಿ. ಆಮೇಲೆ ಆ ಮೊಬೈಲಿನಿಂದ 7738299899ಕ್ಕೆ `EPFOHO UAN KAN` ಎಂದು ಸಂದೇಶ ಕಳಿಸಿದರೆ ಕೊನೆಯ ಜಮೆ ಮತ್ತು ಬಾಕಿ ಕನ್ನಡದಲ್ಲೇ ಬರುತ್ತದೆ. ಇಂಗ್ಲಿಷ್ ಬರುವುದಿಲ್ಲ, ಮರಾಠಿ ಓದಲಾಗುವುದಿಲ್ಲ ಎಂಬ ನೆಪವೂ ಇಲ್ಲಿಗೆ ಮುಗಿಯಿತು.

ಸಾಲು ತಪ್ಪಿದ್ದರೆ ಮೊದಲು ಮುನೀಮನಿಗೆ ಬರವಣಿಗೆಯಲ್ಲಿ ಕೇಳಿ, ಬಾಯಿಮಾತಿನಲ್ಲಿ ಬೇಡ. ವಾಟ್ಸಾಪ್ ಸಂದೇಶವಾದರೂ ದಿನಾಂಕ ಉಳಿಯುತ್ತದೆ. ಉತ್ತರ ಬಾರದಿದ್ದರೆ `epfigms.gov.in`ನಲ್ಲಿ ದೂರು ಹಾಕಿ, ಪಗಾರ ಚೀಟಿಯ ಫೋಟೊ ಜೋಡಿಸಿ; ಆಧಾರ್ ಕೆಲಸಕ್ಕೆ ಹೋಗುವ ಮಹಾ ಇ-ಸೇವಾ ಕೇಂದ್ರದಲ್ಲೂ ಮಾಡಿಕೊಡುತ್ತಾರೆ. ಪಿಎಫ್ ಇಲಾಖೆ 2023ರಿಂದ ಪ್ರತಿ ಜಿಲ್ಲೆಯಲ್ಲೂ ತಿಂಗಳ 27ಕ್ಕೆ 'ನಿಧಿ ಆಪ್ಕೆ ನಿಕಟ್' ಶಿಬಿರ ನಡೆಸುತ್ತಿದೆ. ಅಲ್ಲಿಗೆ ಹೋಗುವಾಗ ಪಾಸ್‌ಬುಕ್ಕಿನ ಪೂರ್ತಿ ಪ್ರತಿ, ತಪ್ಪಿದ ತಿಂಗಳ ಪಗಾರ ಚೀಟಿ, ಅದರ ಹಿಂದಿನ ಮತ್ತು ಮುಂದಿನ ತಿಂಗಳ ಚೀಟಿ ಒಯ್ಯಿರಿ. ಬರಿಗೈಲಿ ಹೋಗಿ "ನಮ್ಮ ರೊಕ್ಕ ಬಂದಿಲ್ಲ" ಎಂದು ಕೂಗಿದರೆ ಅಧಿಕಾರಿ ಕೇಳುವ ಮೊದಲ ಪ್ರಶ್ನೆಯೇ ಯಾವ ತಿಂಗಳದ್ದು ಎಂದು.