ಮೆಷಿನ್‌ಗೆ ಹೆಸರು ಗೊತ್ತು, ವಿಳಾಸ ಗೊತ್ತಿಲ್ಲ



ಚನ್ನಗಿರಿಯಲ್ಲಿ ಬಟ್ಟೆ ಅಂಗಡಿ ನಡೆಸುವ ಒಬ್ಬ ಸಹೋದರಿಯ ಪತ್ರದಿಂದ ಈ ಸಲದ ಮಾತು ಆರಂಭಿಸುತ್ತೇನೆ. "ಆಪಾ, ನಮ್ಮ ಕಾರ್ಡ್ ಮೆಷಿನ್ ಯಾವಾಗ ಕೈ ಕೊಡುತ್ತದೆಂದು ಹೇಳಲಾಗದು. ರಮಝಾನ್‌ನ ಸಂಜೆ ಅಂಗಡಿ ತುಂಬಿದ್ದಾಗ ಒಬ್ಬ ಖಾಲಾ 2,350 ರೂಪಾಯಿಗೆ ಕಾರ್ಡ್ ಕೊಟ್ಟರು. ಮೆಷಿನ್ ತಿರುಗುತ್ತಲೇ ಇತ್ತು, ಚೀಟಿ ಬರಲಿಲ್ಲ. ನಗದು ಪಡೆದು ಕಳಿಸಿದೆ. ಮೂರು ದಿನದ ಮೇಲೆ ನೋಡಿದರೆ ಆ ಹಣ ನಮ್ಮ ಖಾತೆಗೂ ಬಂದಿದೆ. ಅವರ ಹಕ್ಕಿನ ಹಣ ನನ್ನ ಹತ್ತಿರ ಉಳಿದುಬಿಟ್ಟಿತು. ಹೆಸರೂ ಗೊತ್ತಿಲ್ಲ, ಊರೂ ಗೊತ್ತಿಲ್ಲ."

ಇದೇ ದೂರು ಹೊನ್ನಾಳಿ, ನ್ಯಾಮತಿ, ಜಗಳೂರಿನ ಓದುಗರಿಂದಲೂ ಬಂದಿದೆ. ಹೆಚ್ಚಿನವರು ಮೆಷಿನ್ ಕೆಟ್ಟಿದೆ ಎಂದು ಬದಲಿಸಿ ನೋಡಿದ್ದಾರೆ. ಹೊಸದೂ ಹಾಗೆಯೇ ಮಾಡಿದೆ. ಆದ್ದರಿಂದ ಚನ್ನಗಿರಿಯ ಅಂಗಡಿಗೆ ನಾನೇ ಹೋಗಿ ಕುಳಿತೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಆ ಮೆಷಿನ್‌ಗೆ ಬ್ಯಾಂಕನ್ನು ತಲುಪಲು ಎರಡು ದಾರಿಗಳಿದ್ದವು. ಒಂದು ಅಂಗಡಿಗೆ ಬಂದಿರುವ ಬ್ರಾಡ್‌ಬ್ಯಾಂಡ್ ತಂತಿ, ಅದರ ತುದಿಯಲ್ಲಿ ರೂಟರ್, ರೂಟರ್‌ನಿಂದ ಮೆಷಿನ್‌ಗೆ ವೈಫೈ. ಇನ್ನೊಂದು ಮೆಷಿನ್‌ನೊಳಗಿನ ಸಿಮ್. ಎರಡನ್ನೂ ಬೆರೆಸಿಟ್ಟರೆ ತಪ್ಪು ಯಾವುದರದ್ದೆಂದು ತಿಳಿಯದು. ಹಾಗಾಗಿ ಒಂದು ನೋಟ್‌ಬುಕ್ ಇಟ್ಟು, ಒಂದೊಂದು ದಾರಿಯಲ್ಲಿ ಆರಾರು ದಿನ ನಡೆಸಲು ಹೇಳಿದೆ. ಪ್ರತಿ ಸಲ ಕೈಕೊಟ್ಟಾಗ ಗಂಟೆ ಎಷ್ಟು, ಕರೆಂಟ್ ಇತ್ತೇ, ಪಕ್ಕದ ಫೋನ್ ನಡೆಯುತ್ತಿತ್ತೇ ಎಂಬ ಮೂರು ಸಂಗತಿ ಬರೆಯಬೇಕು, ಅಷ್ಟೇ.

ವೈಫೈ ಮಾತ್ರ ಇಟ್ಟ ಆರು ದಿನದಲ್ಲಿ ಏಳು ಸಲ ಕೈಕೊಟ್ಟಿತು. ನಂತರ ವೈಫೈ ಬಿಟ್ಟು, ಮೆಷಿನ್‌ನ ಸ್ಟ್ಯಾಂಡಿಗೆ ರೂಟರ್‌ನಿಂದ ನೇರವಾಗಿ ಕೇಬಲ್ ಚುಚ್ಚಿದೆವು. ಆಗಲೂ ಆರು ಸಲ. ಅಂದರೆ ತೊಂದರೆ ಗಾಳಿಯಲ್ಲಿ ಹೋಗುವ ವೈಫೈಯದಲ್ಲ, ರೂಟರ್‌ನಲ್ಲಿ ಅಥವಾ ಅದರಾಚೆ ಇದೆ. ಸಿಮ್ ಮಾತ್ರ ಇಟ್ಟ ಆರು ದಿನದಲ್ಲಿ ಎರಡೇ ಸಲ. ಆ ಎರಡೂ ಮಳೆ ಬಂದು ಕರೆಂಟ್ ಹೋದ ಸಂಜೆಯವು, ಅದೇ ಕಂಪೆನಿಯ ಫೋನ್‌ಗಳೂ ಆಗ ಸತ್ತಿದ್ದವು. ಅದು ಟವರಿನ ತೊಂದರೆ, ನಮ್ಮ ಕೈಯಲ್ಲಿಲ್ಲ.

ತಂತಿಯ ದಾರಿಯ ಹದಿಮೂರು ಸಲದಲ್ಲಿ ಹೆಚ್ಚಿನವು ಸಂಜೆ ಆರರಿಂದ ಎಂಟರ ನಡುವಿನವು, ಅಂದರೆ ಗಿರಾಕಿಗಳು ತುಂಬಿ, ಮಕ್ಕಳೂ ಅದೇ ವೈಫೈ ಬಳಸುವ ಹೊತ್ತು. ಎಲ್ಲದರ ಪಕ್ಕದಲ್ಲೂ ಸಹೋದರಿ ಒಂದೇ ಮಾತು ಬರೆದಿದ್ದರು: "ಕರೆಂಟ್ ಇತ್ತು. ವಾಟ್ಸಪ್ ನಡೆಯುತ್ತಿತ್ತು."

ಗುಟ್ಟು ಇರುವುದೇ ಇಲ್ಲಿ. ಬ್ಯಾಂಕಿನ ಕಂಪ್ಯೂಟರ್ ಮೆಷಿನ್‌ಗೆ ಒಂದು ಹೆಸರಾಗಿ ಗೊತ್ತು. ಆದರೆ ಇಂಟರ್‌ನೆಟ್‌ನಲ್ಲಿ ಸಂದೇಶ ಹೋಗುವುದು ಅಂಕಿಗಳ ವಿಳಾಸಕ್ಕೆ. ಹೆಸರು ಹೇಳಿದರೆ ವಿಳಾಸ ತಿಳಿಸುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಮದುವೆ ಮನೆಯ ಹೆಸರು ಗೊತ್ತಿದ್ದರೂ ಬೀದಿ ತಿಳಿಯಲು ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳುತ್ತೇವಲ್ಲ, ಹಾಗೆ. ಆ ಅಂಗಡಿಯಲ್ಲಿ ಮೆಷಿನ್ ಕೇಳುತ್ತಿದ್ದುದು ರೂಟರನ್ನು. ಹತ್ತಾರು ಫೋನ್‌ಗಳೂ ಒಟ್ಟಿಗೆ ಕೇಳತೊಡಗಿದಾಗ ಆ ಪುಟ್ಟ ರೂಟರ್ ಉತ್ತರ ಕೊಡದೆ ಕೂರುತ್ತಿತ್ತು. ವಾಟ್ಸಪ್ ಆಗಲೇ ವಿಳಾಸ ತಿಳಿದು ಸಂಪರ್ಕ ಹಿಡಿದಿರುತ್ತದೆ, ಅದಕ್ಕೆ ಮತ್ತೆ ಕೇಳಬೇಕಿಲ್ಲ. ಮೆಷಿನ್ ಮಾತ್ರ ಕಾರ್ಡ್ ಬಂದಾಗ ಹೊಸದಾಗಿ ಕೇಳುತ್ತದೆ, ಕೆಲವು ಸೆಕೆಂಡ್ ಕಾಯುತ್ತದೆ, ಕೈಬಿಡುತ್ತದೆ.

ಹಾಗಾದರೆ ಅದು ತಾನಾಗಿ ಸಿಮ್‌ಗೆ ಏಕೆ ಹೋಗಲಿಲ್ಲ? ವೈಫೈ ಪೂರ್ತಿ ಕಡಿದುಹೋದರೆ ಮಾತ್ರ ಸಿಮ್‌ಗೆ ಹೋಗುವಂತೆ ಅದನ್ನು ಹೊಂದಿಸಲಾಗಿತ್ತು. ಇಲ್ಲಿ ವೈಫೈ ಇದೆ, ಗೆರೆಗಳೂ ತುಂಬಿವೆ. ದಾರಿ ಚೆನ್ನಾಗಿದೆ ಎಂದೇ ಮೆಷಿನ್ ತಿಳಿದಿತ್ತು.

ಇದನ್ನು ಖಚಿತಪಡಿಸಲು ಅದೇ ರೂಟರ್‌ಗೆ ಲ್ಯಾಪ್‌ಟಾಪ್ ಸೇರಿಸಿ, ಮೆಷಿನ್ ಕೈಕೊಟ್ಟ ಕ್ಷಣದಲ್ಲೇ ಎರಡು ಸಾಲು ಬರೆದು ನೋಡಿದೆ.

```
ping 8.8.8.8
nslookup rbi.org.in
```

ಮೊದಲನೆಯದು ಅಂಕಿಯ ವಿಳಾಸಕ್ಕೆ ನೇರವಾಗಿ ಕರೆ. ಅದಕ್ಕೆ ಉತ್ತರ ಬಂತು, ಅಂದರೆ ತಂತಿ ಸರಿಯಿದೆ. ಎರಡನೆಯದು ಹೆಸರಿನ ವಿಳಾಸ ಕೇಳುವುದು. ಅದಕ್ಕೆ `DNS request timed out` ಎಂದು ಬಂತು. ಎರಡೂ ಸೋತಿದ್ದರೆ ತಂತಿಯವರಿಗೆ ಫೋನ್ ಮಾಡಬೇಕಿತ್ತು. ಎರಡೂ ಗೆದ್ದು ಮೆಷಿನ್ ಮಾತ್ರ ನಿಂತಿದ್ದರೆ ಮೆಷಿನ್ ಅಥವಾ ಬ್ಯಾಂಕಿನ ಕಡೆ ನೋಡಬೇಕಿತ್ತು.

ರೂಟರ್‌ನ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗದಲ್ಲಿ 8.8.8.8 ಮತ್ತು 1.1.1.1 ಎಂದು ಬರೆದೆವು. ಇವು ಯಾರೂ ಬಳಸಬಹುದಾದ ದೊಡ್ಡ ಡಿಎನ್‌ಎಸ್‌ಗಳು. ಲ್ಯಾಪ್‌ಟಾಪ್ ಕೂಡಲೇ ಸರಿಯಾಯಿತು. ಆದರೆ ಮರುದಿನ ಸಂಜೆ ಮೆಷಿನ್ ಮತ್ತೆ ನಿಂತಿತು! ಅದರ ನೆಟ್‌ವರ್ಕ್ ಪುಟ ತೆರೆದಾಗ ಕಾರಣ ಸಿಕ್ಕಿತು. ಹಿಂದೆ ಯಾರೋ ಅದನ್ನು `Static` ಎಂದಿಟ್ಟು, ಡಿಎನ್‌ಎಸ್ ಜಾಗದಲ್ಲಿ ರೂಟರ್‌ನ ವಿಳಾಸ 192.168.1.1 ಅನ್ನೇ ಕೈಯಾರೆ ಬರೆದಿದ್ದರು. ರೂಟರ್ ಹೇಳಿದ ಹೊಸ ವಿಳಾಸ ಅದಕ್ಕೆ ತಲುಪಲೇ ಇಲ್ಲ. ಆ ಪುಟ ಬದಲಿಸಲು ಬ್ಯಾಂಕಿನವರ ಪಾಸ್‌ವರ್ಡ್ ಬೇಕು. ಮೆಷಿನ್ ಮೇಲೆ ಅಂಟಿಸಿರುವ ಸಹಾಯವಾಣಿಗೆ ಫೋನ್ ಮಾಡಿ, "ಡಿಎಚ್‌ಸಿಪಿಗೆ ಬದಲಿಸಿಕೊಡಿ" ಎಂದು ಕೇಳಿದೆವು. ತಂತ್ರಜ್ಞ ಬಂದು ಹತ್ತು ನಿಮಿಷದಲ್ಲಿ ಮುಗಿಸಿದ. ಡಿಎಚ್‌ಸಿಪಿ ಎಂದರೆ ವಿಳಾಸಗಳನ್ನು ರೂಟರ್‌ನಿಂದಲೇ ಕೇಳಿ ಪಡೆಯುವುದು. ಜೊತೆಗೆ ಗಿರಾಕಿಗಳಿಗೂ ಮಕ್ಕಳಿಗೂ ಬೇರೆ ಹೆಸರಿನ ವೈಫೈ ಮಾಡಿಕೊಟ್ಟೆವು. ಆ ಮೇಲಿನ ಮೂರು ವಾರದ ನೋಟ್‌ಬುಕ್ ಖಾಲಿಯಿದೆ.

ಜಗಳೂರಿನ ಸಹೋದರಿಯ ಅಂಗಡಿಗೆ ತಂತಿಯೇ ಇಲ್ಲ, ಬರೀ ಸಿಮ್. ಅವರಿಗೆ ಈ ಔಷಧ ಹೊಂದದು. ಬ್ಯಾಂಕ್ ಕೊಡುವ ಸಿಮ್ ಹಲವು ಸಲ ಬ್ಯಾಂಕಿನ ಖಾಸಗಿ ದಾರಿಯಲ್ಲೇ ಹೋಗುತ್ತದೆ. ಅಲ್ಲಿ 8.8.8.8 ಎಂದು ಬರೆದರೆ ಇದ್ದದ್ದೂ ನಿಲ್ಲಬಹುದು. ಪಕ್ಕದ ಫೋನ್‌ನಲ್ಲಿ ಇಂಟರ್‌ನೆಟ್ ಓಡಿದರೂ ಮೆಷಿನ್ ಸೋಲಲು ಕಾರಣವಿದೆ. ಫೋನ್ 4ಜಿ ಹಿಡಿಯುತ್ತದೆ, ಹಳೆಯ ಮೆಷಿನ್‌ಗಳಲ್ಲಿ ಎಷ್ಟೋ 2ಜಿಯನ್ನಷ್ಟೇ ಬಲ್ಲವು. ಮೆಷಿನ್‌ನ ತೆರೆಯ ಮೇಲೆ G ಅಥವಾ E ಅಕ್ಷರವೇ ಯಾವಾಗಲೂ ಇದ್ದರೆ 4ಜಿ ಮೆಷಿನ್ ಕೇಳಿ. ನಿಮ್ಮ ಅಂಗಡಿಯೊಳಗೆ ಯಾವ ಕಂಪೆನಿಯ ಸಿಗ್ನಲ್ ಗಟ್ಟಿಯೋ ಅದರ ಸಿಮ್ಮನ್ನೇ ಕೇಳಿ.

ಒಂದು ಎಚ್ಚರಿಕೆ. "ಮೆಷಿನ್ ಸರಿಮಾಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ" ಎಂದು ಯಾರಾದರೂ ತಾವಾಗಿ ಫೋನ್ ಮಾಡಿದರೆ ನಂಬಬೇಡಿ.

ಇನ್ನು ಚೀಟಿ ಬಾರದ ವ್ಯವಹಾರದ ಮಾತು. ಕೂಡಲೇ ಎರಡನೇ ಸಲ ಹಣ ಪಡೆಯಬೇಡಿ. ಮೊದಲು ಮೆಷಿನ್‌ನಲ್ಲಿ ಕೊನೆಯ ಚೀಟಿಯನ್ನು ಮತ್ತೆ ಮುದ್ರಿಸಿ ನೋಡಿ. ಈ ವ್ಯವಹಾರ ಅದರಲ್ಲಿಲ್ಲದೆ ಗಿರಾಕಿಯ ಫೋನ್‌ಗೆ ಹಣ ಹೋದ ಸಂದೇಶ ಬಂದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಆ ಹಣ ವ್ಯವಹಾರದ ದಿನದ ನಂತರ 5 ದಿನದೊಳಗೆ ತಾನಾಗಿ ಅವರ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವುಂಟು. ಇದನ್ನು ಗಿರಾಕಿಗೆ ಹೇಳಿ. ನಗದು ಪಡೆಯಲೇಬೇಕಾದರೆ ಅವರ ಫೋನ್ ನಂಬರ್, ಮೊತ್ತ, ಗಂಟೆ ಬರೆದಿಟ್ಟುಕೊಳ್ಳಿ, ಮುಂದಿನ ಒಂದು ವಾರ ನಿಮ್ಮ ಖಾತೆಯನ್ನು ಅದರೊಂದಿಗೆ ತಾಳೆ ನೋಡಿ. ಎರಡು ಸಲ ಬಂದಿದ್ದರೆ ಆ ಹಣ ಅಮಾನತ್, ಲಾಭವಲ್ಲ.

ಚನ್ನಗಿರಿಯ ಸಹೋದರಿ 2,350 ರೂಪಾಯಿಯನ್ನು ಲಕೋಟೆಯಲ್ಲಿ ಹಾಕಿ ಗಲ್ಲಾಪೆಟ್ಟಿಗೆಯಲ್ಲಿ ಬೇರೆ ಇಟ್ಟಿದ್ದರು. ಬಕ್ರೀದ್‌ಗೆ ಮೊದಲು ಆ ಖಾಲಾ ಮೊಮ್ಮಗಳಿಗೆ ಬಟ್ಟೆ ಕೊಳ್ಳಲು ಮತ್ತೆ ಬಂದರಂತೆ. ಲಕೋಟೆ ಕೈಗಿಟ್ಟಾಗ, "ಬೇಟಿ, ನನಗೆ ಗೊತ್ತೇ ಇರಲಿಲ್ಲ" ಎಂದರಂತೆ. ಈಗ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಅವರ ಫೋನ್ ನಂಬರ್ ಇದೆ.