ಒಂದು ಶ್ಲೋಕ, ಒಂದು ನಿಮಿಷ ಮತ್ತು ಮಗಳ ಆಫೀಸ್ ಟೆನ್ಷನ್

ಮಧ್ಯಾಹ್ನ ಕೆಲಸ ಮುಗಿಸಿ ಮೊಬೈಲ್ ಕೈಗೆತ್ತಿಕೊಂಡರೆ ಸಾಕು, ಗೀತೆಯ ಪುಟ್ಟ ಪುಟ್ಟ ವಿಡಿಯೊಗಳು ಒಂದರ ಹಿಂದೊಂದು ಬರುತ್ತವೆ. ಹಿನ್ನೆಲೆಯಲ್ಲಿ ಕೊಳಲು, ರಥದ ಚಿತ್ರ, ಒಂದು ಶ್ಲೋಕ, ಕೊನೆಗೆ ‘ಫಲ ಬಯಸಬೇಡಿ, ಟೆನ್ಷನ್ ಬಿಡಿ’ ಎಂಬ ಬುದ್ಧಿಮಾತು. ನೀವು ಅದನ್ನು ಕೆಲಸಕ್ಕೆ ಹೋಗುವ ಮಗಳಿಗೋ ಮಗನಿಗೋ ಕಳಿಸಿರುತ್ತೀರಿ. ಆ ಕಡೆಯಿಂದ ಕೈಮುಗಿದ ಒಂದು ಚಿತ್ರ ಬಂದಿರುತ್ತದೆ. ಪೂರ್ತಿ ನೋಡಿದರೋ ಇಲ್ಲವೋ ದೇವರೇ ಬಲ್ಲ!

ಈಗ ಗೀತಾ ಕ್ಲಾಸಿಗೆ ಹೋಗುವ ಎಷ್ಟೋ ಗೃಹಿಣಿಯರು ತಾವೇ ಇಂಥ ವಿಡಿಯೊ ಮಾಡಲು ಹೊರಟಿದ್ದಾರೆ. ಒಳ್ಳೆಯದೇ. ಶ್ಲೋಕ ಬಾಯಿಪಾಠ ಇರುತ್ತದೆ, ಧ್ವನಿಯೂ ಚೆನ್ನಾಗಿರುತ್ತದೆ. ಎಡವುವುದು ಬರೆದುಕೊಳ್ಳುವ ಮಾತಿನಲ್ಲಿ, ಅಂದರೆ ಸ್ಕ್ರಿಪ್ಟಿನಲ್ಲಿ. ನೀವೇ ಯೋಚಿಸಿ: ತಿಂಗಳ ಐದನೇ ತಾರೀಕು ಸಾಲದ ಕಂತು ಕಟ್ಟಬೇಕಾದ ಹುಡುಗಿಗೆ ‘ಫಲ ಬಯಸಬೇಡ’ ಎಂದರೆ ಅವಳಿಗೆ ಹೇಗೆ ಕೇಳಿಸುತ್ತದೆ? ಸಂಬಳ ಹೆಚ್ಚಿಸಿ ಅನ್ನಬೇಡ, ಕೊಟ್ಟಷ್ಟು ತೊಗೊಂಡು ದುಡಿ ಅಂತಲೇ ಕೇಳಿಸುತ್ತದೆ. ಇಂಥ ವಿಡಿಯೊ ಅವಳಿಗಿಂತ ಅವಳ ಮ್ಯಾನೇಜರಿಗೆ ಹೆಚ್ಚು ಇಷ್ಟವಾದೀತು!

ಶ್ಲೋಕ ಹೇಳುವುದು ಅದನ್ನಲ್ಲ. ಎರಡನೇ ಅಧ್ಯಾಯದ 47ನೇ ಶ್ಲೋಕವನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳಿ. ಎಂಟೆಂಟು ಅಕ್ಷರದ ನಾಲ್ಕು ಪಾದಗಳಿವೆ. ಮೊದಲ ಎರಡು ಪಾದ ಎಲ್ಲರಿಗೂ ಗೊತ್ತು: ನಿನ್ನ ಅಧಿಕಾರ ಕೆಲಸದ ಮಟ್ಟಿಗೆ, ಅದರ ಫಲ ನಿನ್ನ ಅಧಿಕಾರಕ್ಕೆ ಸೇರಿದ್ದಲ್ಲ ಎಂಬ ಅರ್ಥದ್ದು. ಅಧಿಕಾರ ಅಂದ ಕೂಡಲೇ ನಮಗೆ ಕುರ್ಚಿ, ದರ್ಪ ನೆನಪಾಗುತ್ತದೆ. ಇಲ್ಲಿ ಆ ಅರ್ಥವಲ್ಲ, ನಿನ್ನ ಹಕ್ಕಿಗೆ, ನಿನ್ನ ಕೈಗೆ ಎಷ್ಟು ಸೇರಿದ್ದು ಎಂಬ ಎಲ್ಲೆ. ಮೂರನೇ ಪಾದ, ಫಲವೊಂದನ್ನೇ ಕೆಲಸಕ್ಕೆ ಕಾರಣ ಮಾಡಿಕೊಳ್ಳಬೇಡ ಅನ್ನುತ್ತದೆ. ನಾಲ್ಕನೆಯದನ್ನು ವಿಡಿಯೊಗಳು ಸಾಮಾನ್ಯವಾಗಿ ನುಂಗಿಬಿಡುತ್ತವೆ. ಹಾಗಂತ ಏನೂ ಮಾಡದೆ ಕೂರುವುದಕ್ಕೂ ಅಂಟಿಕೊಳ್ಳಬೇಡ ಎಂಬ ಎಚ್ಚರಿಕೆ ಅದು.

ನನ್ನ ಅಭಿಪ್ರಾಯ ಕೇಳಿದರೆ, ಆಫೀಸಿನ ಒತ್ತಡಕ್ಕೆ ಉಪಯೋಗಕ್ಕೆ ಬರುವುದು ಈ ನಾಲ್ಕನೇ ಪಾದವೇ. ಅರ್ಜುನನ ಸ್ಥಿತಿ ನೆನಪಿಸಿಕೊಳ್ಳಿ. ಮೊದಲ ಅಧ್ಯಾಯದಲ್ಲಿ ಅವನೇ ಹೇಳಿಕೊಳ್ಳುತ್ತಾನೆ: ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಬಿಲ್ಲು ಕೈಯಿಂದ ಜಾರುತ್ತಿದೆ, ನಿಲ್ಲಲಾಗುತ್ತಿಲ್ಲ, ತಲೆ ತಿರುಗಿದಂತಾಗುತ್ತಿದೆ ಅಂತ. ಆಮೇಲೆ ಯುದ್ಧ ಮಾಡೋದಿಲ್ಲ ಎಂದು ಸುಮ್ಮನಾಗಿಬಿಡುತ್ತಾನೆ. ನಮ್ಮ ಮಕ್ಕಳೂ ಒತ್ತಡ ಹೆಚ್ಚಾದಾಗ ಇದನ್ನೇ ಮಾಡುತ್ತಾರೆ. ಮೇಲ್ ತೆರೆಯೋದಿಲ್ಲ, ಫೋನ್ ಎತ್ತೋದಿಲ್ಲ, ಕೆಲಸ ಮುಂದೂಡುತ್ತಾರೆ, ರಾತ್ರಿಯಿಡೀ ಅದನ್ನೇ ಯೋಚಿಸುತ್ತಾರೆ. ಮಾಡದೆ ಬಿಟ್ಟ ಕೆಲಸ ತಲೆಯೊಳಗೆ ಕೂತು ಇನ್ನಷ್ಟು ಕಾಡುತ್ತದೆ. ಕೃಷ್ಣ ಮಾತಾಡಿದ್ದು ಹೀಗೆ ಕೈಚೆಲ್ಲಿ ಕೂತವನ ಜೊತೆ. (ಸ್ಕ್ರಿಪ್ಟ್ ಬರೆಯುವ ಮೊದಲು ಡಿ.ವಿ.ಜಿ.ಯವರ ‘ಜೀವನಧರ್ಮಯೋಗ’ದಲ್ಲಿ ಎರಡನೇ ಅಧ್ಯಾಯದ ಭಾಗ ಓದಿಕೊಳ್ಳಿ. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ ಅದು.)

ಸರಿ, ಬರೆಯೋದು ಹೇಗೆ? ಮೊದಲು ಸಮಯದ ಲೆಕ್ಕ ಹಾಕಿ. ಶ್ಲೋಕವನ್ನು ನಿಧಾನವಾಗಿ ಹೇಳಿದರೆ ಹದಿನೈದು ಸೆಕೆಂಡಿನ ಹತ್ತಿರ ಹೋಗುತ್ತದೆ. ಒಂದು ನಿಮಿಷದ ವಿಡಿಯೊದಲ್ಲಿ ಮಾತಿಗೆ ಉಳಿಯುವುದು ಮುಕ್ಕಾಲು ನಿಮಿಷ. ಅದರಲ್ಲಿ ಎಪ್ಪತ್ತು ಎಂಬತ್ತು ಪದಗಳಿಗಿಂತ ಹೆಚ್ಚು ತುರುಕಿದರೆ ಉಸಿರು ಕಟ್ಟುತ್ತದೆ. ಹಾಗಾಗಿ ಒಬ್ಬ ಹುಡುಗಿ, ಒಂದು ಚಿಂತೆ, ಒಂದು ಕೆಲಸ, ಇಷ್ಟೇ ಸಾಕು. ಶ್ಲೋಕದಿಂದ ಶುರು ಮಾಡಬೇಡಿ. ಕೇಳುವವಳಿಗೆ ಇದು ತನ್ನ ವಿಷಯ ಅನ್ನಿಸಿದ ಮೇಲೆ ಶ್ಲೋಕ ಬರಲಿ.

ಐ.ಟಿ. ಕಂಪನಿಯ ಹುಡುಗಿ ಒಬ್ಬಳನ್ನು ಇಟ್ಟುಕೊಳ್ಳೋಣ. ಏಪ್ರಿಲ್‌ನಲ್ಲಿ ಅವಳಿಗೆ ರೇಟಿಂಗ್ ಬರುತ್ತದೆ. ಅದು ಅವಳ ಶ್ರಮದಿಂದಷ್ಟೇ ತೀರ್ಮಾನವಾಗುವುದಿಲ್ಲ. ಅನೇಕ ಕಂಪನಿಗಳಲ್ಲಿ ತಂಡದವರನ್ನೆಲ್ಲ ಒಬ್ಬರಿಗೊಬ್ಬರು ಹೋಲಿಸಿ, ಇಷ್ಟು ಜನಕ್ಕೆ ಮಾತ್ರ ಮೇಲಿನ ದರ್ಜೆ ಎಂದು ಹಂಚುತ್ತಾರೆ. ಅದು ಅವಳ ಎಲ್ಲೆಯ ಆಚೆಗಿನ ಮಾತು. ಶುಕ್ರವಾರ ಕೊಡಬೇಕಾದ ರಿಪೋರ್ಟ್ ಮಾತ್ರ ಅವಳ ಕೈಯಲ್ಲೇ ಇದೆ. ಸ್ಕ್ರಿಪ್ಟ್ ಹೀಗಿರಬಹುದು:

“ಭಾನುವಾರ ಸಂಜೆ ಆರು ಗಂಟೆ. ನಾಳೆಯ ಆಫೀಸು ಈಗಲೇ ಎದೆ ಮೇಲೆ ಕೂತಿದೆ, ಅಲ್ವಾ? ಏಪ್ರಿಲ್‌ನಲ್ಲಿ ರೇಟಿಂಗ್ ಏನಾಗುತ್ತೋ ಅನ್ನೋ ಯೋಚನೆ. ಬೇಕಾದ ಮೇಲ್ ತೆರೆಯೋಕೂ ಭಯ. ಹೀಗೇ ಕೈಕಾಲು ಸೋತು ಕೂತಿದ್ದ ಒಬ್ಬನಿಗೆ ಕೃಷ್ಣ ಹೇಳಿದ್ದು ಕೇಳು.”

ಇಲ್ಲಿ ಶ್ಲೋಕ. ಆಮೇಲೆ:

“ರೇಟಿಂಗ್ ನಿನ್ನ ಕೈಲಿಲ್ಲ ಕಣೇ. ಶುಕ್ರವಾರದ ರಿಪೋರ್ಟ್ ನಿನ್ನ ಕೈಲಿದೆ. ನಾಳೆ ಬೆಳಗ್ಗೆ ಹತ್ತಕ್ಕೆ ಅದರ ಮೊದಲ ಪುಟ ತೆಗಿ. ಮುಗಿಯೋದಿಲ್ಲ ಅನ್ನಿಸಿದರೆ ಮಂಗಳವಾರವೇ ಲೀಡ್‌ಗೆ ಹೇಳು. ಹೇಳೋದೂ ಕೆಲಸವೇ. ಸಂಬಳದ ಮಾತು ಆಡಬೇಕಿದ್ದರೆ ಅದನ್ನೂ ಆಡು. ಅವರು ಏನು ಹೇಳ್ತಾರೋ ಅದು ಅವರದ್ದು. ಇವತ್ತು ರಾತ್ರಿ ಮಲಕ್ಕೋ.”

ಇಷ್ಟೇ. ‘ಹೇಳೋದೂ ಕೆಲಸವೇ’ ಎಂಬ ಮಾತನ್ನು ದಯವಿಟ್ಟು ಕತ್ತರಿಸಬೇಡಿ, ನಾಲ್ಕನೇ ಪಾದ ಇರುವುದೇ ಅಲ್ಲಿ. ಆಗೋದಿಲ್ಲ ಎಂದು ಹೊತ್ತಿಗೆ ಮುಂಚೆ ತಿಳಿಸುವುದು, ಹೆಚ್ಚು ಸಂಬಳ ಕೇಳುವುದು ಕೂಡ ಕರ್ಮವೇ. ಸಿಗುತ್ತದೋ ಇಲ್ಲವೋ ಎಂಬುದು ಫಲ.

ಬರೆದ ಮೇಲೆ ಎರಡು ಕಡೆ ಪರೀಕ್ಷೆ ಮಾಡಿ. ‘ಹೀಗೆ ಮಾಡಿದರೆ ಪ್ರಮೋಷನ್ ತಾನಾಗಿ ಬರುತ್ತೆ’ ಅನ್ನುವ ಮಾತು ನುಸುಳಿದೆಯಾ ನೋಡಿ. ಬಹಳ ವಿಡಿಯೊಗಳು ಕೊನೆಯಲ್ಲಿ ಹೀಗೇ ಮುಗಿಯುತ್ತವೆ. ಮುಂಬಾಗಿಲಿಂದ ಕಳಿಸಿದ ಫಲವನ್ನು ಹಿತ್ತಲ ಬಾಗಿಲಿಂದ ಒಳಗೆ ಕರೆದ ಹಾಗೆ ಅದು. ಮುಂದಿನ 48ನೇ ಶ್ಲೋಕದಲ್ಲಿ ಗೆಲುವು ಸೋಲು ಎರಡರಲ್ಲೂ ಸಮನಾಗಿರು ಎಂದಿದೆಯೇ ಹೊರತು ಗೆಲುವಿನ ಭರವಸೆ ಕೊಟ್ಟಿಲ್ಲ. ಇನ್ನೊಂದು, ಇದೇ ವಿಡಿಯೊವನ್ನು ಹುಡುಗಿಯ ಬಾಸ್ ಖುಷಿಯಿಂದ ಇಡೀ ತಂಡಕ್ಕೆ ಹಂಚಬಹುದಾ? ಹೌದಾದರೆ ಸ್ಕ್ರಿಪ್ಟ್ ಇನ್ನೊಮ್ಮೆ ಬರೆಯಿರಿ.

ಶ್ಲೋಕಕ್ಕೆ ಆಗದ ಕೆಲಸವೂ ಇದೆ. ಇಬ್ಬರ ಕೆಲಸ ಒಬ್ಬಳ ತಲೆಗೆ ಕಟ್ಟಿದ್ದರೆ, ರಾತ್ರಿ ಒಂದು ಗಂಟೆಗೂ ಕಾಲ್ ಬರುತ್ತಿದ್ದರೆ, ಅವಳ ಮನಸ್ಸನ್ನು ತಿದ್ದಿ ಪ್ರಯೋಜನವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ‘ಬರ್ನ್ ಔಟ್’ ಅನ್ನುವುದನ್ನು ತನ್ನ ಪಟ್ಟಿಯಲ್ಲಿ ವಿವರಿಸಿದಾಗ, ಕೆಲಸದ ಜಾಗದಲ್ಲಿ ದೀರ್ಘಕಾಲ ನಿಭಾಯಿಸದೆ ಬಿಟ್ಟ ಒತ್ತಡದಿಂದ ಬರುವಂಥದ್ದು ಎಂದೇ ಹೇಳಿತು. ಮೈಮನಸ್ಸು ಬತ್ತಿಹೋಗುವುದು, ಕೆಲಸವೆಂದರೆ ಜಿಗುಪ್ಸೆ, ತನ್ನಿಂದ ಏನೂ ಆಗದು ಅನ್ನಿಸುವುದು ಅದರ ಗುರುತು. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನುವ ಮಾತು ಬಂತು ಅಂದರೆ ವಿಡಿಯೊ ಕಳಿಸಬೇಡಿ, ನೀವೇ ಫೋನ್ ಮಾಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ನಂಬರ್ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮ ವಿಡಿಯೊದ ಕೊನೆಯ ಮೂರು ನಾಲ್ಕು ಸೆಕೆಂಡು ಆ ನಂಬರನ್ನು ದೊಡ್ಡದಾಗಿ ತೋರಿಸಿ. ಅಷ್ಟು ಹೊತ್ತು ಕೊಳಲು ನಿಲ್ಲಿಸಿದರೂ ಪರವಾಗಿಲ್ಲ.