ಶೇ. 60ರ ಗೆರೆ ಎಳೆದವರು ಯಾರು?

ನಾನು ಬಿಇ ಕೊನೆಯ ವರ್ಷದಲ್ಲಿದ್ದಾಗ ಕಾಲೇಜಿನ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದ್ರು. ಅದರಲ್ಲಿ ಕಂಪನಿಯ ಹೆಸರು, ತಾರೀಖು ಇತ್ತು. ಕೆಳಗೆ ಒಂದು ಸಾಲು: ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ ಮೂರರಲ್ಲೂ ಶೇ. 60, ಬ್ಯಾಕ್‌ಲಾಗ್ ಇರಬಾರದು, ಓದಿನ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಗ್ಯಾಪ್ ಇರಬಾರದು. ನನ್ನ ರೂಮ್‌ಮೇಟ್ ಅದನ್ನು ಎರಡು ಸಲ ಓದಿ, "ಮಗಾ, ನೀನು ಹೋಗಿ ಬಾ" ಅಂದ. ಬಿಇಯಲ್ಲಿ ಅವನ ಮಾರ್ಕ್ಸ್ ನನ್ನದಕ್ಕಿಂತ ಜಾಸ್ತಿ ಇತ್ತು. ನಾನು ಲ್ಯಾಬ್ ಎಕ್ಸಾಮ್ ಪಾಸಾಗಿದ್ದೇ ಅವನು ಹೇಳಿಕೊಟ್ಟಿದ್ದರಿಂದ. ಆದರೆ ಅವನ ಪಿಯುಸಿ ಶೇ. 57.

ಆ 57ರ ಹಿಂದಿನ ಕತೆ ಕರ್ನಾಟಕದ ಸಾವಿರಾರು ಹುಡುಗ ಹುಡುಗಿಯರಿಗೆ ಗೊತ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್‌ಗೆ ಸೇರಿದ ದಿನದಿಂದ ಎಲ್ಲ ಇಂಗ್ಲಿಷ್. ಅಲ್ಲಿಯವರೆಗೆ 'ವೇಗೋತ್ಕರ್ಷ' ಅಂತ ಕಲಿತಿದ್ದನ್ನು 'ಆಕ್ಸಿಲರೇಷನ್' ಅಂತ ಗುರುತಿಸೋಕೆ ಮೊದಲ ಕೆಲವು ತಿಂಗಳು ಹೋಗುತ್ತೆ. ಮಾರ್ಕ್ಸ್ ಕುಸಿಯೋದು ಆ ಎರಡು ವರ್ಷದಲ್ಲೇ, ಎಂಜಿನಿಯರಿಂಗ್ ಮುಗಿಸೋ ಹೊತ್ತಿಗೆ ಅದೇ ಹುಡುಗರು ಸುಧಾರಿಸಿಕೊಂಡಿರ್ತಾರೆ. ಆದರೆ ಕಂಪನಿಯ ಗೆರೆ, ಅವರು ಎಡವಿದ ಆ ವರ್ಷಕ್ಕೇ ಹೋಗಿ ನಿಲ್ಲುತ್ತೆ.

ಕನ್ನಡಿಗರಿಗೆ ಕೆಲಸ ಅಂದಾಗಲೆಲ್ಲ ನಾವು ಜಗಳ ಆಡೋದು ಶೇಕಡಾವಾರು ಪಾಲಿನ ಬಗ್ಗೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಚಿವ ಸಂಪುಟ ಒಪ್ಪಿತು, ಉದ್ಯಮದವರು ವಿರೋಧಿಸಿದ್ರು, ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಆ ಗದ್ದಲದಲ್ಲಿ ಕ್ಯಾಂಪಸ್ ಡ್ರೈವ್‌ನ ಪ್ಲಾನ್ ಹೇಗೆ ತಯಾರಾಗುತ್ತೆ ಅಂತ ಯಾರೂ ಕೇಳಲಿಲ್ಲ. ಪತ್ರಕರ್ತನಾದ ಮೇಲೆ ನಾನು ಪ್ಲೇಸ್‌ಮೆಂಟ್ ಆಫೀಸರ್‌ಗಳ ಜೊತೆ, ಎಚ್‌ಆರ್‌ನವರ ಜೊತೆ ಕೂತು ಇದನ್ನು ಕೇಳಿದ್ದೀನಿ. ಪ್ಲಾನ್ ಶುರುವಾಗೋದು ಕೊನೆಯಿಂದ.

ಒಂದು ಉದಾಹರಣೆ ಹಾಕಿ ನೋಡೋಣ. ಒಂದು ಕಂಪನಿಗೆ 40 ಜನ ಬೇಕು. ಆಫರ್ ಪಡೆದವರೆಲ್ಲ ಸೇರಲ್ಲ, ಹಾಗಾಗಿ 50 ಆಫರ್ ಕೊಡಬೇಕು. ಇಬ್ಬರಲ್ಲಿ ಒಬ್ಬರನ್ನು ಆರಿಸೋದಾದರೆ 100 ಇಂಟರ್‌ವ್ಯೂ. ಒಂದು ಪ್ಯಾನೆಲ್ ದಿನಕ್ಕೆ ಹೆಚ್ಚೆಂದರೆ 20 ಜನರನ್ನು ನೋಡಬಹುದು, ಹಾಗಾಗಿ ಐದು ಪ್ಯಾನೆಲ್. ಅಷ್ಟು ಎಂಜಿನಿಯರ್‌ಗಳನ್ನು ಒಂದು ದಿನದ ಮಟ್ಟಿಗೆ ಪ್ರಾಜೆಕ್ಟ್‌ನಿಂದ ಬಿಡಿಸಿಕೊಂಡು ಬರೋದೇ ಎಚ್‌ಆರ್‌ಗೆ ದೊಡ್ಡ ತಲೆನೋವು. ಅದರ ಹಿಂದಿನ ಹಂತ ಗ್ರೂಪ್ ಡಿಸ್ಕಷನ್: ಹತ್ತು ಜನರ ಗುಂಪಿನಲ್ಲಿ ಐವರನ್ನು ಉಳಿಸಿಕೊಂಡರೆ 200 ಜನ, 20 ಗುಂಪು. ಅದಕ್ಕೂ ಹಿಂದೆ ಆಪ್ಟಿಟ್ಯೂಡ್ ಟೆಸ್ಟ್. ಕಾಲೇಜಿನ ಲ್ಯಾಬ್‌ಗಳಲ್ಲಿ 250 ಕಂಪ್ಯೂಟರ್ ಇವೆ, ಬೆಳಗ್ಗೆ ಎರಡು ಬ್ಯಾಚ್ ಕೂರಿಸಿದರೆ 500 ಜನ.

ಈಗ ಸಮಸ್ಯೆ ಬಂತು. ಸುತ್ತಮುತ್ತಲಿನ ಕಾಲೇಜುಗಳನ್ನೂ ಸೇರಿಸಿದ ಪೂಲ್ ಡ್ರೈವ್‌ಗೆ 1,200 ಜನ ಹೆಸರು ಕೊಟ್ಟಿದ್ದಾರೆ. 700 ಜನರನ್ನು ಅವರು ಊರು ಬಿಡೋ ಮೊದಲೇ ಕೈಬಿಡಬೇಕು. ಅತಿ ಕಮ್ಮಿ ಖರ್ಚಿನ ದಾರಿ ಯಾವುದು? ಎಕ್ಸೆಲ್ ಶೀಟ್‌ನಲ್ಲಿ ಒಂದು ಫಿಲ್ಟರ್. ಶೇ. 60 ಹಾಕಿ ನೋಡ್ತಾರೆ. ಇನ್ನೂ 700 ಜನ ಉಳಿದರೆ 65 ಹಾಕ್ತಾರೆ. "ಸರ್, 65ಕ್ಕೆ ಕರೆಕ್ಟಾಗಿ ಲ್ಯಾಬ್‌ಗೆ ಸಾಲೋವಷ್ಟು ಬಂದ್ರು, ಅಲ್ಲಿಗೆ ನಿಲ್ಲಿಸಿದ್ವಿ" ಅಂತ ಒಬ್ಬ ಎಚ್‌ಆರ್ ಯುವತಿ ನನಗೆ ಸಹಜವಾಗಿ ಹೇಳಿದ್ರು. ಅವರಿಗೆ ಅದು ಕುರ್ಚಿಗಳ ಲೆಕ್ಕ. ಹಾಸ್ಟೆಲ್‌ನಲ್ಲಿ ಕೂತು ಅದನ್ನು ಓದುವ ಹುಡುಗಿಗೆ ಮಾತ್ರ ಅದು ತನ್ನ ಯೋಗ್ಯತೆಯ ಮೇಲೆ ಬಂದ ತೀರ್ಪು.

ಆ ಗೆರೆ ಎಲ್ಲರಿಗೂ ಒಂದೇ ಅಳತೆಯದೂ ಅಲ್ಲ. ವಿಟಿಯುವಿನ ಹಿಂದಿನ ಸ್ಕೀಮ್‌ಗಳಲ್ಲಿ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಿ ಶೇಕಡಾ ತೆಗೀತಿದ್ರು. 6.5 ಇದ್ದವರಿಗೆ ಅಲ್ಲಿ ಶೇ. 57.5. ನೇರವಾಗಿ 10ರಿಂದ ಗುಣಿಸುವ ಕಡೆ ಅದೇ 6.5 ಅಂದರೆ ಶೇ. 65. ಒಬ್ಬರು ಒಳಗೆ, ಒಬ್ಬರು ಹೊರಗೆ.

ಗೆರೆ ದಾಟಿದವರಿಗೆ ಆಪ್ಟಿಟ್ಯೂಡ್ ಟೆಸ್ಟ್. ಗಣಿತ, ಲಾಜಿಕ್, ಇಂಗ್ಲಿಷ್ ಮೂರು ಭಾಗ, ತಲಾ 20 ಪ್ರಶ್ನೆ, 60 ನಿಮಿಷ ಅಂತಿಟ್ಟುಕೊಳ್ಳಿ. ಪ್ರಶ್ನೆಗೆ ಒಂದು ನಿಮಿಷ. ಇಲ್ಲಿ ನೀವು ಗಮನಿಸಬೇಕಾದ್ದು ಸೆಕ್ಷನಲ್ ಕಟ್‌ಆಫ್, ಅಂದರೆ ಪ್ರತಿ ಭಾಗದಲ್ಲೂ ಪ್ರತ್ಯೇಕವಾಗಿ ಪಾಸಾಗಬೇಕು ಅನ್ನೋ ನಿಯಮ. ಕಟ್‌ಆಫ್ ತಲಾ 10 ಇದ್ದರೆ, ಗಣಿತದಲ್ಲಿ 18, ಲಾಜಿಕ್‌ನಲ್ಲಿ 16, ಇಂಗ್ಲಿಷ್‌ನಲ್ಲಿ 9 ತೆಗೆದವಳು ಒಟ್ಟು 43 ಬಂದರೂ ಮನೆಗೆ ಹೋಗ್ತಾಳೆ. ಕ್ರಮವಾಗಿ 11, 12, 13 ತೆಗೆದವನು 36ಕ್ಕೇ ಮುಂದಿನ ಸುತ್ತಿಗೆ ಹೋಗ್ತಾನೆ. ಕೆಲಸ ಕೋಡಿಂಗ್‌ನದು ಅನ್ನೋದು ನೆನಪಿರಲಿ.

ಗಣಿತದ ಭಾಗವೂ ಪೂರ್ತಿ ಗಣಿತ ಅಲ್ಲ. ಎರಡು ರೈಲು ಎದುರುಬದುರು ಬರ್ತಿವೆ, ಒಂದು ಅರ್ಧ ಗಂಟೆ ತಡವಾಗಿ ಹೊರಟಿದೆ ಅಂತ ನಾಲ್ಕು ಸಾಲಿನ ಇಂಗ್ಲಿಷ್ ಲೆಕ್ಕ. ಲೆಕ್ಕ ಮಾಡೋಕೆ 30 ಸೆಕೆಂಡ್ ಸಾಕು. ಇಂಗ್ಲಿಷನ್ನು ಒಮ್ಮೆ ಓದಿ ಅರ್ಥ ಮಾಡಿಕೊಳ್ಳುವವರಿಗೂ ಎರಡು ಸಲ ಓದಬೇಕಾದವರಿಗೂ ಉಳಿಯೋ ಸಮಯ ಬೇರೆ ಬೇರೆ. ಹಾಗಾಗಿ ಇಂಗ್ಲಿಷ್ ಓದುವ ವೇಗಕ್ಕೆ ಒಂದು ಭಾಗದಲ್ಲಿ ಮಾರ್ಕ್ಸ್ ಕೊಟ್ಟು, ಉಳಿದ ಎರಡರಲ್ಲೂ ಗುಟ್ಟಾಗಿ ಮತ್ತೆ ಕೊಟ್ಟಂಗಾಯ್ತು.

ಮೂರನೇದು ಗ್ರೂಪ್ ಡಿಸ್ಕಷನ್. ಹತ್ತು ಜನ, 15 ನಿಮಿಷ. ಸಮಾನವಾಗಿ ಹಂಚಿದರೆ ಒಬ್ಬರಿಗೆ ಒಂದೂವರೆ ನಿಮಿಷ. ಎದುರಿಗೆ ಇಬ್ಬರು ಕೂತು ಪ್ರತಿಯೊಬ್ಬರಿಗೂ ವಿಷಯ, ಭಾಷೆ, ಕೇಳಿಸಿಕೊಳ್ಳುವ ಗುಣ, ಮುಂದಾಳುತನ, ವಾದದ ಸ್ಪಷ್ಟತೆ ಅಂತ ಐದು ಕಾಲಂ ತುಂಬಬೇಕು. ಅಂದರೆ 15 ನಿಮಿಷದಲ್ಲಿ ಒಬ್ಬೊಬ್ಬರೂ 50 ಮನೆ ತುಂಬಬೇಕು. ಯಾರಿಂದ ಆಗುತ್ತೆ? ಕೊನೆಗೆ ತಲೆಯಲ್ಲಿ ಉಳಿಯೋದು ಮೊದಲು ಮಾತು ಶುರು ಮಾಡಿದವರು, ಜೋರಾಗಿ ಮಾತಾಡಿದವರು, ಕೊನೆಯಲ್ಲಿ ಎಲ್ಲವನ್ನೂ ಸೇರಿಸಿ ಹೇಳಿದವರು. ಕೋಚಿಂಗ್ ಕ್ಲಾಸ್‌ನಲ್ಲಿ ಕಲಿಸೋದೂ ಇದೇ ಮೂರು. ಆ ಅಂಕಗಳಲ್ಲಿ ಹುರುಳಿದೆಯಾ ಅಂತ ತಿಳಿಯೋಕೆ ಒಂದು ಸುಲಭದ ದಾರಿ ಇದೆ. ಇಬ್ಬರೂ ಮಾತಾಡಿಕೊಳ್ಳದೆ ಬರೆದ ಹಾಳೆಗಳನ್ನು ಪಕ್ಕಪಕ್ಕ ಇಡಿ. ಒಬ್ಬರಿಗೆ ಎರಡನೇ ಸ್ಥಾನದಲ್ಲಿ ಕಂಡವರು ಇನ್ನೊಬ್ಬರಿಗೆ ಎಂಟನೇ ಸ್ಥಾನದಲ್ಲಿ ಕಂಡರೆ ಆ ಸುತ್ತು ಲಾಟರಿ.

ಮೂರು ಜರಡಿ ಇಟ್ಟಿದ್ದೀವಿ ಅಂತ ಕಂಪನಿ ಅಂದುಕೊಳ್ಳುತ್ತೆ. ಬಹುಮಟ್ಟಿಗೆ ಮೂರೂ ಸೋಸೋದು ಒಂದನ್ನೇ: ಚಿಕ್ಕಂದಿನಿಂದ ಇಂಗ್ಲಿಷ್ ಎಷ್ಟು ಸಿಕ್ಕಿತು ಅನ್ನೋದನ್ನು.

"ಕ್ಲೈಂಟ್ ಜೊತೆ ಇಂಗ್ಲಿಷಲ್ಲಿ ಮಾತಾಡಬೇಕಲ್ವಾ ಸರ್?" ಅಂತ ಆ ಎಚ್‌ಆರ್ ಯುವತಿ ಕೇಳಿದ್ರು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೇ: ಇಂಗ್ಲಿಷ್ ಬೇಕಾದರೆ ಇಂಗ್ಲಿಷನ್ನು ಒಮ್ಮೆ, ನೇರವಾಗಿ, ಕೆಲಸಕ್ಕೆ ಬೇಕಾದಷ್ಟು ಅಳೆಯಿರಿ. ಕ್ಲೈಂಟ್ ಕಳಿಸಿದ ದೂರು ಓದಿ ನಾಲ್ಕು ಸಾಲು ಉತ್ತರ ಬರೆಯಲಿ. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್‌ನಂತಹ ಜಾಗಗಳಲ್ಲಿ ಹೊಸಬರಿಗೆ ತಿಂಗಳುಗಟ್ಟಲೆ ತರಬೇತಿ ಕೊಡುವ ಉದ್ಯಮ ಇದು. ತರಬೇತಿಯಲ್ಲಿ ಕಲಿಸಬಹುದಾದದ್ದನ್ನೇ ಗೇಟಿನಲ್ಲಿ ಮೂರು ಸಲ ಕೇಳೋದು ಯಾಕೆ?

ಈ ಪ್ರಶ್ನೆ ಹೊಸದಲ್ಲ. ಅಮೆರಿಕದ ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಕಂಪನಿ ಒಳ್ಳೆಯ ಕೆಲಸಗಳಿಗೆ ಹೈಸ್ಕೂಲ್ ಸರ್ಟಿಫಿಕೇಟ್ ಮತ್ತು ಆಪ್ಟಿಟ್ಯೂಡ್ ಟೆಸ್ಟ್ ಕಡ್ಡಾಯ ಮಾಡಿತ್ತು. ಎಲ್ಲರಿಗೂ ಒಂದೇ ನಿಯಮ, ಆದರೆ ಹೊರಗುಳಿದವರಲ್ಲಿ ಕಪ್ಪು ಕಾರ್ಮಿಕರೇ ಹೆಚ್ಚು. ಉದ್ದೇಶ ಕೆಟ್ಟದಿಲ್ಲದಿದ್ದರೂ, ಕೆಲಸಕ್ಕೆ ಸಂಬಂಧ ತೋರಿಸಲಾಗದ ಇಂಥ ಷರತ್ತು ಕಾನೂನುಬಾಹಿರ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1971ರಲ್ಲಿ ಹೇಳಿತು. 1978ರ ಮಾರ್ಗಸೂಚಿಯಲ್ಲಿ ಒಂದು ಸರಳ ಅಳತೆ ಬಂತು: ಒಂದು ಗುಂಪಿನ ಆಯ್ಕೆ ಪ್ರಮಾಣ, ಅತಿ ಹೆಚ್ಚು ಆಯ್ಕೆಯಾದ ಗುಂಪಿನ ಪ್ರಮಾಣದ ಐದರಲ್ಲಿ ನಾಲ್ಕು ಭಾಗಕ್ಕಿಂತ ಕಮ್ಮಿ ಇದ್ದರೆ ಪರಿಶೀಲಿಸಿ.

ಆ ಕಾನೂನು ಜನಾಂಗ, ಲಿಂಗದಂಥ ಗುಂಪುಗಳಿಗೆ. ಅಳತೆಯನ್ನಷ್ಟೇ ಎರವಲು ತಂದು ನಮ್ಮ ಡ್ರೈವ್‌ಗೆ ಹಾಕಿ ನೋಡಿ. ಟೆಸ್ಟ್ ಬರೆದ 500 ಜನರಲ್ಲಿ ಇಂಗ್ಲಿಷ್ ಮೀಡಿಯಂನವರು 300, ಪಾಸಾದವರು 150, ಅಂದರೆ ಶೇ. 50. ಕನ್ನಡ ಮೀಡಿಯಂನವರು 200, ಪಾಸಾದವರು 50, ಅಂದರೆ ಶೇ. 25. ಇಪ್ಪತ್ತೈದು ಐವತ್ತರ ಅರ್ಧ, ಐದರಲ್ಲಿ ನಾಲ್ಕರ ಹತ್ತಿರಕ್ಕೂ ಬರಲ್ಲ. ಇದರಿಂದ ಅನ್ಯಾಯ ಸಾಬೀತಾಗಲ್ಲ, ಇಪ್ಪತ್ತು ಮೂವತ್ತು ಜನರ ಡ್ರೈವ್‌ನಲ್ಲಿ ಈ ಲೆಕ್ಕ ದಾರಿ ತಪ್ಪಿಸುತ್ತೆ ಕೂಡ. ಆದರೆ ಯಾವ ಸುತ್ತನ್ನು ಬಿಚ್ಚಿ ನೋಡಬೇಕು ಅಂತ ಇದು ಬೆರಳು ತೋರಿಸುತ್ತೆ. ನಾನು ಮಾತಾಡಿಸಿದ ಪ್ಲೇಸ್‌ಮೆಂಟ್ ಸೆಲ್‌ಗಳಲ್ಲಿ ಎಷ್ಟು ಜನಕ್ಕೆ ಆಫರ್ ಬಂತು ಅನ್ನೋ ಬ್ಯಾನರ್ ಇತ್ತು. ಯಾವ ಸುತ್ತಿನಲ್ಲಿ ಯಾರು ಉದುರಿದರು ಅನ್ನೋ ಪಟ್ಟಿ ಇರಲಿಲ್ಲ.

ಪ್ಲಾನ್ ಬದಲಿಸೋಕೆ ಏನು ಬೇಕು? ಎರಡು ಬ್ಯಾಚ್ ಬದಲು ಎರಡು ದಿನದಲ್ಲಿ ಐದು ಬ್ಯಾಚ್ ಕೂರಿಸಿದರೆ ಅದೇ 250 ಕಂಪ್ಯೂಟರ್‌ಗಳಲ್ಲಿ ಹೆಸರು ಕೊಟ್ಟ 1,200 ಜನರೂ ಟೆಸ್ಟ್ ಬರೀಬಹುದು. ಪ್ರಶ್ನೆ ಸೋರಿಕೆಯಾಗದಂತೆ ಬ್ಯಾಚಿಗೊಂದು ಸೆಟ್ ಬೇಕಾಗುತ್ತೆ, ಅಷ್ಟೇ. ಪಿಯುಸಿ ಗೆರೆಯ ಅಗತ್ಯವೇ ಬೀಳಲ್ಲ. ಆಯ್ಕೆ ಒಟ್ಟು ಅಂಕದ ಮೇಲೆ ನಡೀಲಿ. ಗ್ರೂಪ್ ಡಿಸ್ಕಷನ್ ಬೇಕೇ ಬೇಕು ಅಂದ್ರೆ ಆರು ಜನರ ಗುಂಪು ಮಾಡಿ, ಐದು ನಿಮಿಷ ಬರೆಯೋಕೆ ಕೊಟ್ಟು, ಒಬ್ಬೊಬ್ಬರಿಗೂ ಯಾರೂ ಅಡ್ಡ ಬಾರದ ಎರಡು ನಿಮಿಷ ಕೊಡಿ. ಗುಂಪುಗಳ ಸಂಖ್ಯೆ ಏರುತ್ತೆ, ಅರ್ಧ ದಿನ ಜಾಸ್ತಿ ಹಿಡಿಯುತ್ತೆ.

ಈ ಒಂದೆರಡು ದಿನದ ಖರ್ಚನ್ನು ಕಂಪನಿ ತಾನಾಗಿ ಮೈಮೇಲೆ ಹಾಕಿಕೊಳ್ಳಲ್ಲ. ಡ್ರೈವ್‌ಗೆ ಮುಂಚೆ ಷರತ್ತುಗಳ ಮೇಲ್ ಬರೋದು ಪ್ಲೇಸ್‌ಮೆಂಟ್ ಆಫೀಸರ್‌ಗೆ. "ನಾವು ಕೇಳಿದ್ರೆ ಪಕ್ಕದ ಕಾಲೇಜಿಗೆ ಹೋಗ್ತಾರೆ ಸಾರ್" ಅಂತ ಒಬ್ಬರು ಅಂದ್ರು. ಪಕ್ಕದ ಕಾಲೇಜಿನವರೂ ನನಗೆ ಅದನ್ನೇ ಹೇಳಿದ್ದರು. ಪೂಲ್ ಡ್ರೈವ್‌ಗೆ ಐದು ಕಾಲೇಜು ಒಟ್ಟಿಗೆ ಸೇರಬಹುದಾದರೆ, ಆ ಮೇಲ್‌ಗೆ ಒಟ್ಟಿಗೆ ಒಂದು ಉತ್ತರವನ್ನೂ ಬರೆಯಬಹುದು.

ನನ್ನ ರೂಮ್‌ಮೇಟ್ ಎರಡು ವರ್ಷದ ನಂತರ ಬೇರೊಂದು ಸಣ್ಣ ಕಂಪನಿಯ ಮೂಲಕ, ಅವತ್ತು ನಮ್ಮ ಕ್ಯಾಂಪಸ್‌ಗೆ ಬಂದಿದ್ದ ಕಂಪನಿಯ ಪ್ರಾಜೆಕ್ಟ್‌ನಲ್ಲೇ ಕಾಂಟ್ರ್ಯಾಕ್ಟ್ ಮೇಲೆ ಕೆಲಸ ಮಾಡಿದ. ಅದೇ ಬಿಲ್ಡಿಂಗ್, ಅದೇ ಕೆಲಸ, ಕೊರಳಲ್ಲಿ ಬೇರೆ ಬಣ್ಣದ ಟ್ಯಾಗ್. ಅಲ್ಲಿ ಅವನ ಪಿಯುಸಿ ಮಾರ್ಕ್ಸ್ ಯಾರೂ ಕೇಳಲಿಲ್ಲ.